ಎಷ್ಟು ಜನ, ಎಷ್ಟು ಗಂಟೆ: ಹಬ್ಬದ ಡೀಪ್ ಕ್ಲೀನಿಂಗ್ ಕರಪತ್ರ ಓದುವ ಬಗೆ

ದಸರೆಯ ಗೊಂಬೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ದಿನಪತ್ರಿಕೆಯ ಮಡಿಕೆಯೊಳಗೆ, ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದೇ ಬಗೆಯ ಕರಪತ್ರಗಳು ಕಾಣತೊಡಗುತ್ತವೆ. ‘ದೀಪಾವಳಿ ವಿಶೇಷ! 2 ಬಿಎಚ್‌ಕೆ ಫುಲ್ ಡೀಪ್ ಕ್ಲೀನಿಂಗ್ ₹1,999 ಮಾತ್ರ. ಕೆಲವೇ ಸ್ಲಾಟ್ ಉಳಿದಿವೆ’ ಎಂದು ಒಂದು ಹೇಳುತ್ತದೆ. ಅದೇ ಅಳತೆಯ ಮನೆಗೆ ಇನ್ನೊಂದು ₹5,300 ಕೇಳುತ್ತದೆ. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಎರಡರಲ್ಲೂ ಮುಖ್ಯವಾದ ಒಂದು ಸಂಗತಿ ಅಚ್ಚಾಗಿರುವುದಿಲ್ಲ: ಎಷ್ಟು ಜನ ಬರುತ್ತಾರೆ, ಎಷ್ಟು ಗಂಟೆ ಕೆಲಸ ಮಾಡುತ್ತಾರೆ. ಅದು ಗೊತ್ತಾಗದೆ ಯಾವುದು ಅಗ್ಗ ಎಂದು ಹೇಳಲಾಗದು.

ಯಂತ್ರಗಳು ಎಷ್ಟೇ ಬಂದಿರಲಿ, ಮನೆ ತೊಳೆಯುವುದು ಇಂದಿಗೂ ಕೈಕೆಲಸವೇ. ನೆಲ ಉಜ್ಜಲು ದುಂಡನೆಯ ಸ್ಕ್ರಬ್ಬರ್ ಮೆಷಿನ್ ಇದೆ, ನೀರು ಹೀರಲು ವ್ಯಾಕ್ಯೂಮ್ ಇದೆ. ಆದರೆ ಕಿಟಕಿಯ ಸ್ಲೈಡಿಂಗ್ ಚಾನೆಲ್ಲಿನಲ್ಲಿ ಕುಳಿತ ಮಣ್ಣನ್ನು ಹಳೆ ಟೂತ್‌ಬ್ರಶ್ಶೇ ಎಬ್ಬಿಸಬೇಕು, ಫ್ಯಾನಿನ ರೆಕ್ಕೆಯನ್ನು ಏಣಿ ಹತ್ತಿದವರೇ ಒರೆಸಬೇಕು. ಹಾಗಾಗಿ ಈ ಸೇವೆಯಲ್ಲಿ ನಾವು ಕೊಳ್ಳುವುದು ಜನರ ಸಮಯವನ್ನು.

ಒಂದು ಮನೆಯನ್ನೇ ತೆಗೆದುಕೊಳ್ಳೋಣ. ಎರಡು ಬೆಡ್‌ರೂಮ್, ಎರಡು ಬಾತ್‌ರೂಮ್, ಚಿಮಣಿ ಇರುವ ಅಡುಗೆಮನೆ, ಒಂದು ಯುಟಿಲಿಟಿ, ಒಂದು ಬಾಲ್ಕನಿ. ನಾಲ್ಕು ಜನರ ಸಂಸಾರ, ವಾಸಕ್ಕೆ ಬಂದು ಕೆಲವು ವರ್ಷಗಳಾಗಿವೆ, ನಲ್ಲಿಯಲ್ಲಿ ಬೋರ್‌ವೆಲ್ ನೀರು. ಇಂಥ ಮನೆಯನ್ನು ನಿಜವಾಗಿಯೂ ಮೂಲೆ ಮೂಲೆ ಶುಚಿ ಮಾಡಲು ಅಡುಗೆಮನೆಯೊಂದೇ ಒಬ್ಬರ ಐದು ಗಂಟೆ ಬೇಡುತ್ತದೆ. ಬಾತ್‌ರೂಮುಗಳಿಗೆ ತಲಾ ಎರಡರಂತೆ ನಾಲ್ಕು ಗಂಟೆ. ಕಿಟಕಿ, ಸೊಳ್ಳೆ ಪರದೆ, ಚಾನೆಲ್ಲುಗಳಿಗೆ ಇನ್ನೊಂದು ನಾಲ್ಕು. ಜೇಡರ ಬಲೆ, ಫ್ಯಾನು, ದೀಪ, ಸ್ವಿಚ್‌ಬೋರ್ಡು, ಬಾಗಿಲು, ವಾರ್ಡ್‌ರೋಬಿನ ಹೊರಮೈ, ಮಂಚದ ಕೆಳಗೆ, ಬಾಲ್ಕನಿ, ಕೊನೆಗೆ ಇಡೀ ಮನೆಯ ನೆಲ ಎಂದು ಉಳಿದದ್ದಕ್ಕೆಲ್ಲ ಸೇರಿ ಏಳು. ಒಟ್ಟು ಇಪ್ಪತ್ತು ಗಂಟೆ, ಅಂದರೆ ನಾಲ್ಕು ಜನ ಐದು ಗಂಟೆ ದುಡಿಯಬೇಕು. ಮನೆ ಚೆನ್ನಾಗಿ ಇಟ್ಟುಕೊಂಡವರದ್ದಾದರೆ ಎರಡು ಗಂಟೆ ಕಡಿಮೆಯಾದೀತು, ಸಾಕುನಾಯಿ ಇದ್ದರೆ ಎರಡು ಗಂಟೆ ಹೆಚ್ಚಾದೀತು. ಆದರೆ ಎಂಟಕ್ಕೆ ಇಳಿಯುವುದಿಲ್ಲ.

ಈಗ ಖರ್ಚು ನೋಡಿ. ದರಗಳು ಊರಿಂದೂರಿಗೆ ಬೇರೆಯಾಗುತ್ತವೆ, ಲೆಕ್ಕದ ದಾರಿ ಮಾತ್ರ ಎಲ್ಲೆಡೆ ಒಂದೇ. ಕೆಲಸಗಾರರಿಗೆ ಗಂಟೆಗೆ ₹110 ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಸಾಮಾನು ಹೇರಿಕೊಂಡು ಬಂದು ಹೋಗುವುದಕ್ಕೆ ತಲಾ ಒಂದು ಗಂಟೆ ಸೇರಿಸಿದರೆ ಇಪ್ಪತ್ತನಾಲ್ಕು ಗಂಟೆಯ ಕೂಲಿ ₹2,640. ಕೆಮಿಕಲ್ಲು, ಬಟ್ಟೆ, ಪ್ಯಾಡುಗಳಿಗೆ ₹350. ಗಾಡಿ ಬಾಡಿಗೆ ₹400. ಮೆಷಿನ್ನಿನ ಸವಕಳಿ ₹200. ಫೋನು, ಆಫೀಸು, ಸರಿಯಾಗದ ಕಡೆ ಮತ್ತೆ ಬಂದು ಮಾಡಿಕೊಡುವ ಹೊಣೆ ಇತ್ಯಾದಿಗೆ ₹500. ಇಲ್ಲಿಗೆ ₹4,090 ಆಯಿತು. ನಡೆಸುವವರಿಗೆ ₹410 ಲಾಭ ಇಟ್ಟರೆ ₹4,500. ಅದರ ಮೇಲೆ ಶೇ 18 ಜಿಎಸ್‌ಟಿ ₹810 ಸೇರಿ ₹5,310. ದುಬಾರಿ ಎನ್ನಿಸಿದ ಕರಪತ್ರದ ಬೆಲೆ ಇದೇ. ಇಪ್ಪತ್ತು ಗಂಟೆಯಿಂದ ಭಾಗಿಸಿದರೆ ಒಬ್ಬರ ಒಂದು ಗಂಟೆಯ ಕೆಲಸಕ್ಕೆ ತೆರಿಗೆ ಸೇರಿ ಸುಮಾರು ₹265 ಬೀಳುತ್ತದೆ.

ಇದೇ ಲೆಕ್ಕವನ್ನು ₹1,999ಕ್ಕೆ ಹಿಂದಿನಿಂದ ಹಾಕಿದಾಗ ಚಿತ್ರವೇ ಬದಲಾಗುತ್ತದೆ. ತೆರಿಗೆ ಸೇರಿದ ಬೆಲೆ ಅದಾದರೆ, ತೆರಿಗೆ ಕಳೆದು ಉಳಿಯುವುದು ₹1,694. ಗಾಡಿಗೂ ಕೆಮಿಕಲ್ಲಿಗೂ ₹750 ತೆಗೆದರೆ ಕೂಲಿಗೆ ಸಿಗುವುದು ₹944. ಲಾಭ, ಆಫೀಸು, ಮೆಷಿನ್ನು ಯಾವುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ ಅಷ್ಟು ಹಣಕ್ಕೆ ಎಂಟೂವರೆ ಗಂಟೆಯ ಕೂಲಿ ಬರುತ್ತದೆ. ಇಬ್ಬರು ಬಂದರು, ಓಡಾಟಕ್ಕೆ ಎರಡು ಗಂಟೆ ಹೋಯಿತು ಎನ್ನಿ, ನಿಮ್ಮ ಮನೆಯೊಳಗೆ ನಡೆಯುವ ಕೆಲಸ ಆರೂವರೆ ಗಂಟೆ. ಬೇಕಿದ್ದ ಇಪ್ಪತ್ತರಲ್ಲಿ ಮೂರನೇ ಒಂದು ಪಾಲು. ಒಂದು ಗಂಟೆಯ ಕೆಲಸಕ್ಕೆ ನೀವು ಕೊಟ್ಟ ಹಣ ₹300 ಮೀರುತ್ತದೆ. ಅಗ್ಗದ ಕರಪತ್ರದ ಗಂಟೆ ದುಬಾರಿ ಕರಪತ್ರದ ಗಂಟೆಗಿಂತ ತುಟ್ಟಿ. ಬಂದುಹೋಗುವ ಖರ್ಚು ಸಣ್ಣ ಕೆಲಸಕ್ಕೂ ದೊಡ್ಡ ಕೆಲಸಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದು ಇದಕ್ಕೆ ಕಾರಣ.

ಹಾಗಾದರೆ ₹1,999ರವರು ಹೇಗೆ ಬದುಕುತ್ತಾರೆ? ಎರಡು ದಾರಿ. ಒಂದು, ಆರೂವರೆ ಗಂಟೆಯಲ್ಲಿ ಕಣ್ಣಿಗೆ ಬೀಳುವಷ್ಟನ್ನು ಹೊಳೆಯಿಸಿ ಹೊರಡುವುದು. ಇನ್ನೊಂದು, ಮನೆಯೊಳಗೆ ಕಾಲಿಟ್ಟ ಮೇಲೆ ಶುರುವಾಗುವ ಮಾತು: ‘ಮೇಡಂ, ಚಿಮಣಿ ಎಕ್ಸ್‌ಟ್ರಾ ಆಗುತ್ತೆ. ಸೊಳ್ಳೆ ಪರದೆ ಪ್ಯಾಕೇಜಲ್ಲಿ ಬರಲ್ಲ. ಬಾತ್‌ರೂಮ್ ಕಲೆ ಜಾಸ್ತಿ ಇದೆ, ಬೇರೆ ಕೆಮಿಕಲ್ ಬೇಕು.’ ಮಂಚ ಸರಿಸಿಯಾಗಿದೆ, ಪಾತ್ರೆ ಕೆಳಗಿಳಿಸಿಯಾಗಿದೆ, ಹಬ್ಬಕ್ಕೆ ಮೂರು ದಿನ ಉಳಿದಿದೆ. ಬೇಡ ಎನ್ನಲು ಯಾರಿಗೂ ಆಗುವುದಿಲ್ಲ. ಬಿಲ್ಲು ₹4,800 ದಾಟುತ್ತದೆ. ಹೀಗೆ ಕಡಿಮೆ ಬೆಲೆ ತೋರಿಸಿ ಹಂತ ಹಂತವಾಗಿ ಏರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಡ್ರಿಪ್ ಪ್ರೈಸಿಂಗ್’ ಎಂದು ಹೆಸರಿಸಿ ನಿಷೇಧಿಸಲಾಗಿದೆ. ಆಪ್ ಮೂಲಕ ಬುಕ್ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ‘ಕೆಲವೇ ಸ್ಲಾಟ್ ಉಳಿದಿವೆ’ ಎಂಬ ಸುಳ್ಳು ಅವಸರವೂ ಅದೇ ಪಟ್ಟಿಯಲ್ಲಿದೆ.

ಬೆಲೆ ಕಡಿಮೆ ಇದ್ದ ಮಾತ್ರಕ್ಕೆ ಮೋಸ ಎಂದು ತೀರ್ಮಾನಿಸಬೇಡಿ. ಪಕ್ಕದ ಬಡಾವಣೆಯಿಂದ ನಡೆದೇ ಬರುವ ನಾಲ್ವರು ಹೆಂಗಸರ ತಂಡಕ್ಕೆ ಗಾಡಿ ಖರ್ಚಿಲ್ಲ, ಆಫೀಸಿಲ್ಲ, ಮೆಷಿನ್ನೂ ಇಲ್ಲ. ಅವರು ಅದೇ ಇಪ್ಪತ್ತು ಗಂಟೆಯ ಕೆಲಸವನ್ನು ₹3,200ಕ್ಕೆ ಮಾಡಿಕೊಟ್ಟರೆ ಅದು ಪೂರ್ತಿ ನ್ಯಾಯದ ಬೆಲೆ. ನೆಲ ಮೆಷಿನ್ನಿನಷ್ಟು ಬೆಳಗದೇ ಇರಬಹುದು, ಉಳಿದದ್ದರಲ್ಲಿ ಏನೂ ಕಡಿಮೆಯಾಗುವುದಿಲ್ಲ. ವರ್ಷಕ್ಕೆ ₹20 ಲಕ್ಷದೊಳಗೆ ವಹಿವಾಟು ಇರುವ ಇಂಥ ಸಣ್ಣ ತಂಡಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಎಂದು ಹಣ ವಸೂಲಿ ಮಾಡುವಂತೆಯೂ ಇಲ್ಲ. ಬಿಲ್ಲಿನಲ್ಲಿ ಶೇ 18 ಸೇರಿಸಿದ್ದಾರೆ, ಜಿಎಸ್‌ಟಿ ನಂಬರ್ ಮಾತ್ರ ಇಲ್ಲ ಎಂದಾದರೆ ಆ ಹಣ ಕೊಡಬೇಡಿ.

ಚದರಡಿ ಲೆಕ್ಕದಲ್ಲಿ ದರ ಹೇಳುವವರೂ ಇದ್ದಾರೆ. ಅಲ್ಲಿ ಕೇಳಬೇಕಾದದ್ದು ಯಾವ ಚದರಡಿ ಎಂಬುದನ್ನು. ನಾವು ಬಾಯಲ್ಲಿ ‘ಹನ್ನೆರಡು ನೂರು ಚದರಡಿ ಫ್ಲಾಟು’ ಎನ್ನುವಾಗ ಅದು ಸೂಪರ್ ಬಿಲ್ಟ್‌ಅಪ್ ಅಳತೆ. ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲೂ ಅದರೊಳಗಿದೆ. 2016ರ ರೇರಾ ಕಾಯ್ದೆ ಹೇಳುವ ಕಾರ್ಪೆಟ್ ಏರಿಯಾ, ಅಂದರೆ ಹೊರಗೋಡೆ ಮತ್ತು ಬಾಲ್ಕನಿ ಬಿಟ್ಟು ಒಳಗೆ ಬಳಕೆಗೆ ಸಿಗುವ ನೆಲ, ಇಂಥ ಫ್ಲಾಟಿನಲ್ಲಿ 880 ಚದರಡಿ ಇರಬಹುದು. ಚದರಡಿಗೆ ₹5 ಎಂದರೆ ಒಂದು ಲೆಕ್ಕದಲ್ಲಿ ₹6,000, ಇನ್ನೊಂದರಲ್ಲಿ ₹4,400. ಲಿಫ್ಟನ್ನು ಅವರು ತೊಳೆಯುವುದಿಲ್ಲವಲ್ಲ! ಕಾರ್ಪೆಟ್ ಏರಿಯಾ ಮೇಲೆ ದರ ಬರೆದುಕೊಡಿ ಎಂದು ಕೇಳಿ, ಬಾಲ್ಕನಿ ಬೇಕಿದ್ದರೆ ಅದರ ಅಳತೆಯನ್ನು ಬೇರೆಯಾಗಿ ಸೇರಿಸಲಿ.

ಇನ್ನು ‘ಫುಲ್’ ಎಂಬುದರೊಳಗೆ ಏನೇನಿದೆ ಎಂಬ ವಿಚಾರ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ, ಅದೂ ಒಳಗೆ ಮತ್ತು ಹೊರಗೆ ಎಂಬ ಎರಡು ಪದಗಳ ಸುತ್ತ. ವಾರ್ಡ್‌ರೋಬ್ ಎಂದರೆ ಹೊರಗಿನ ಬಾಗಿಲೋ, ಒಳಗಿನ ಅರೆಗಳೂ ಸೇರಿಯೋ? ಒಳಗೂ ಎಂದಾದರೆ ಬಟ್ಟೆ ತೆಗೆದು ಮತ್ತೆ ಜೋಡಿಸುವವರು ಯಾರು? ಅಡುಗೆಮನೆಯ ಕ್ಯಾಬಿನೆಟ್, ಫ್ರಿಜ್ಜು, ಓವನ್ನಿಗೂ ಇದೇ ಪ್ರಶ್ನೆ. ಸಾಮಾನ್ಯವಾಗಿ ಮೂಲ ದರದಲ್ಲಿ ಹೊರಮೈ ಮಾತ್ರ ಇರುತ್ತದೆ, ಒಳಗಿನದಕ್ಕೆ ಬೇರೆ ದರ. ಇದರಲ್ಲಿ ತಪ್ಪಿಲ್ಲ. ಡಬ್ಬಿಗಳನ್ನೆಲ್ಲ ಇಳಿಸಿ ಏರಿಸುವುದಕ್ಕೇ ಒಂದೂವರೆ ಗಂಟೆ ಹೋಗುತ್ತದೆ. ಆದರೆ ಅದನ್ನು ಮೊದಲೇ ಅಚ್ಚು ಹಾಕಿರಬೇಕು. ನನ್ನ ಸಲಹೆ ಕೇಳಿದರೆ ಕ್ಯಾಬಿನೆಟ್ ಒಳಗಿನದನ್ನು ಹಿಂದಿನ ದಿನ ನೀವೇ ಖಾಲಿ ಮಾಡಿಟ್ಟುಬಿಡಿ. ಹಣವೂ ಉಳಿಯುತ್ತದೆ, ಹುಳ ಬಿದ್ದ ಹಿಟ್ಟು, ಅವಧಿ ಮೀರಿದ ಮಸಾಲೆ ಪುಡಿಯ ಪೊಟ್ಟಣಗಳೂ ಆಚೆ ಹೋಗುತ್ತವೆ. ದೇವರ ಮನೆಯನ್ನು ಹೆಚ್ಚಿನ ಮನೆಗಳಲ್ಲಿ ಮನೆಯವರೇ ಶುಚಿ ಮಾಡುತ್ತಾರೆ, ತಂಡದವರೂ ಮುಟ್ಟಲು ಹಿಂಜರಿಯುತ್ತಾರೆ. ಬೇಡವಾದರೆ ಬಾಗಿಲು ಮುಚ್ಚಿ ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಹಗುರ.

ಅಡುಗೆಮನೆಗೆ ಐದು ಗಂಟೆ ಯಾಕೆ ಎಂದು ಕೇಳುವವರಿದ್ದಾರೆ. ಒಗ್ಗರಣೆಯ ಹೊಗೆಯಲ್ಲಿ ಏರಿದ ಎಣ್ಣೆ ಟೈಲ್ಸಿನ ಮೇಲೆ, ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಕುಳಿತು, ಗಾಳಿ ಮತ್ತು ಬಿಸಿಗೆ ಕ್ರಮೇಣ ಗಟ್ಟಿಯಾಗಿ ಅಂಟಿನ ಪದರವಾಗುತ್ತದೆ. ಅದರ ಮೇಲೆ ಧೂಳು ಕೂರುತ್ತದೆ. ಸಾಬೂನಿನ ನೀರು ಇದನ್ನು ಜಗ್ಗಿಸುವುದಿಲ್ಲ. ಕ್ಷಾರ ಗುಣದ ಡಿಗ್ರೀಸರ್ ಸಿಂಪಡಿಸಿ ಹತ್ತು ನಿಮಿಷ ಬಿಡಬೇಕು. ಆ ಹತ್ತು ನಿಮಿಷದಲ್ಲಿ ಜಿಡ್ಡು ಸಡಿಲವಾಗುತ್ತದೆ. ಕಾಯದೆ ಉಜ್ಜಿದರೆ ಕೈ ಸೋಲುತ್ತದೆ, ಕ್ಯಾಬಿನೆಟ್ಟಿನ ಹೊಳಪಿನ ಮೇಲ್ಮೈ ಗೀರುಬೀಳುತ್ತದೆ. ಚಿಮಣಿಯ ಫಿಲ್ಟರನ್ನು ಬಿಸಿನೀರಿನಲ್ಲಿ ಡಿಗ್ರೀಸರ್ ಬೆರೆಸಿ ಅರ್ಧ ಗಂಟೆ ನೆನೆಹಾಕಬೇಕು. ಅದು ಸ್ಟೀಲಿನ ಪಟ್ಟಿಗಳ ಬ್ಯಾಫಲ್ ಫಿಲ್ಟರ್ ಆದರೆ ತೊಂದರೆಯಿಲ್ಲ. ಹಳೆಯ ಮಾದರಿಯ ಹಗುರವಾದ ಅಲ್ಯೂಮಿನಿಯಂ ಜಾಲರಿಯಾದರೆ ಕಾಸ್ಟಿಕ್ ಇರುವ ದ್ರಾವಣದಲ್ಲಿ ಕಪ್ಪಾಗಿಬಿಡುತ್ತದೆ, ಮತ್ತೆ ಬಿಳಿಯಾಗದು. ಅಲ್ಯೂಮಿನಿಯಂ ಕಿಟಕಿ ಚೌಕಟ್ಟಿಗೂ ಇದೇ ಗತಿ. ಜಿಡ್ಡು ತೆಗೆದ ಮೇಲೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸದಿದ್ದರೆ ಡಿಗ್ರೀಸರೇ ಪದರವಾಗಿ ಉಳಿಯುತ್ತದೆ. ಒಣಗಿದ ಮೇಲೆ ಬೆರಳಾಡಿಸಿದಾಗ ಅಂಟು ಅಂಟಾದರೆ ಒರೆಸಿದ್ದು ಸಾಲದು ಎಂದು ತಿಳಿಯಬಹುದು.

ಬಾತ್‌ರೂಮಿನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಶತ್ರು ಎಣ್ಣೆಯಲ್ಲ, ಸುಣ್ಣ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದಲ್ಲೆಲ್ಲ ಬಿಳಿ ಪದರವಾಗಿ ಕೂರುತ್ತವೆ. ಅದನ್ನು ಕರಗಿಸುವುದು ಆಮ್ಲ. ಸಿಟ್ರಿಕ್ ಅಥವಾ ಸಲ್ಫಾಮಿಕ್ ಆಮ್ಲವಿರುವ ಕ್ಲೀನರ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಉಜ್ಜಿ, ತೊಳೆದು, ಉಳಿದ ಕಲೆಗೆ ಮತ್ತೊಮ್ಮೆ ಹಚ್ಚುವುದು ಸರಿಯಾದ ಕ್ರಮ. ಇದಕ್ಕೆ ಎರಡು ಗಂಟೆ ಬೇಕು. ಸಮಯವಿಲ್ಲದ ತಂಡ ಏನು ಮಾಡುತ್ತದೆ? ಬಾಟಲಿಯಲ್ಲಿ ಸಿಗುವ ಖಡಕ್ ಹೈಡ್ರೋಕ್ಲೋರಿಕ್ ಆಸಿಡ್ ಸುರಿಯುತ್ತದೆ. ಐದು ನಿಮಿಷದಲ್ಲಿ ಟೈಲ್ಸು ಫಳಫಳ. ಮನೆಯವರಿಗೆ ಖುಷಿ. ಆದರೆ ಆ ಆಸಿಡ್ ಟೈಲ್ಸಿನ ಸಂದಿಯ ಸಿಮೆಂಟನ್ನೂ ತಿಂದಿರುತ್ತದೆ, ನಲ್ಲಿಯ ಕ್ರೋಮ್ ಲೇಪವನ್ನೂ ಮಂಕಾಗಿಸಿರುತ್ತದೆ. ಸಂದಿ ಸವೆದರೆ ನೀರು ಒಳಗಿಳಿದು ಕೆಳಗಿನ ಮನೆಯ ಸೀಲಿಂಗಿನಲ್ಲಿ ತೇವ ಕಾಣಿಸಿಕೊಳ್ಳಬಹುದು.

ಕಲ್ಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಾತ್‌ರೂಮಿನ ಹೊಸಿಲಿಗೆ ಹಾಕಿರುವ ಮಾರ್ಬಲ್ ಪಟ್ಟಿ, ಅಡುಗೆಮನೆಯ ಅರೆಗಳಿಗೆ ಬಳಸುವ ಕಡಪ ಕಲ್ಲು, ಹಳೇ ಮನೆಗಳ ಮೊಸಾಯಿಕ್ ನೆಲ ಇವುಗಳಲ್ಲೆಲ್ಲ ಇರುವುದು ಸುಣ್ಣದ ಅಂಶವೇ. ಕಲೆಯನ್ನು ಕರಗಿಸುವ ಆಮ್ಲ ಕಲ್ಲನ್ನೂ ಕರಗಿಸುತ್ತದೆ. ಹನಿ ಬಿದ್ದಲ್ಲಿ ನೊರೆ ಏಳುತ್ತದೆ, ಒರೆಸಿದ ಮೇಲೆ ಆ ಜಾಗ ಹೊಳಪಿಲ್ಲದೆ ಒರಟಾಗಿ ಉಳಿಯುತ್ತದೆ. ಎಷ್ಟು ತೊಳೆದರೂ ಅದು ಹೋಗದು, ಪಾಲಿಶ್ ಮೆಷಿನ್ನೇ ಬರಬೇಕು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಕೆಂಪು ರೆಡ್‌ಆಕ್ಸೈಡ್ ನೆಲವೂ ಸಿಮೆಂಟಿನದ್ದೇ ಆದ್ದರಿಂದ ಆಸಿಡ್ ತಾಳುವುದಿಲ್ಲ. ಇಂಥ ನೆಲ ಇದ್ದರೆ ಬುಕ್ ಮಾಡುವಾಗಲೇ ಹೇಳಿ, ‘ನೆಲಕ್ಕೆ ಆಸಿಡ್ ಬೇಡ’ ಎಂದು ಬರೆಸಿಕೊಳ್ಳಿ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಟಾಯ್ಲೆಟ್ ಕ್ಲೀನರಿನ ಆಮ್ಲವೂ ಬ್ಲೀಚೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಉಸಿರಾಟಕ್ಕೇ ಸಂಚಕಾರ. ಬೇಗ ಬೆಳ್ಳಗಾಗಲಿ ಎಂದು ಎರಡನ್ನೂ ಒಟ್ಟಿಗೆ ಸುರಿಯುವವರು ಇದ್ದಾರೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದು ಗೊತ್ತಿರುವುದಿಲ್ಲ. ಮೂಗಿಗೆ ಘಾಟು ಹೊಡೆದು ಕಣ್ಣು ಉರಿದರೆ ಕೂಡಲೇ ಎಲ್ಲರೂ ಹೊರಬರಬೇಕು, ಗಾಳಿ ಪೂರ್ತಿ ಆಡುವವರೆಗೂ ಒಳಗೆ ಹೋಗಬಾರದು. ಅಂಥ ಹೊತ್ತಿನಲ್ಲಿ ಅಪಾಯಕ್ಕೆ ಮೊದಲು ಸಿಕ್ಕುವವರು ಆ ಕೆಲಸಗಾರರೇ. ಕೈಗವಸು, ಮಾಸ್ಕ್ ಇಲ್ಲದೆ ಕಳಿಸುವ ತಂಡವನ್ನು ಕೆಲಸಕ್ಕೆ ಕರೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಾಮಾಣಿಕ ಕರಪತ್ರದಲ್ಲಿ ಆಗದ ಕೆಲಸಗಳೂ ಬರೆದಿರುತ್ತವೆ. ವಾಶ್‌ಬೇಸಿನ್ ಸುತ್ತಲಿನ ಸಿಲಿಕೋನ್ ಅಂಟಿನೊಳಗೆ ಬೇರೂರಿದ ಕಪ್ಪು ಬೂಷ್ಟು ತೊಳೆದರೆ ಹೋಗದು, ಅಂಟನ್ನೇ ಕಿತ್ತು ಹೊಸದು ಹಾಕಬೇಕು. ಶವರ್ ಗಾಜಿನ ಮೇಲೆ ವರ್ಷಗಟ್ಟಲೆ ಗಡಸು ನೀರು ಆರಿದ್ದರೆ ಗಾಜೇ ಸವೆದು ಮಂಜಾಗಿರಬಹುದು, ಕಲೆ ಹೋದರೂ ಮಂಜು ಉಳಿಯುತ್ತದೆ. ಡಿಸ್ಟೆಂಪರ್ ಹಚ್ಚಿದ ಗೋಡೆಯನ್ನು ಒದ್ದೆ ಮಾಡಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ, ಅಲ್ಲಿ ಒಣ ಧೂಳು ತೆಗೆಯುವುದಷ್ಟೇ ಸಾಧ್ಯ. ಮೇಲ್ಮಹಡಿಯ ಕಿಟಕಿಗಳ ಹೊರಬದಿಯ ಗಾಜನ್ನು ಒಳಗಿನಿಂದ ಕೈ ಎಟಕುವಷ್ಟು ಮಾತ್ರ ಒರೆಸುತ್ತಾರೆ. ಸಜ್ಜೆಯ ಮೇಲೆ ನಿಂತು ಒರೆಸಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಇವನ್ನೆಲ್ಲ ಮುಂಚೆಯೇ ಹೇಳುವವರ ಮೇಲೆ ನಂಬಿಕೆ ಇಡಬಹುದು. ‘ಎಲ್ಲಾ ಕಲೆ ಗ್ಯಾರಂಟಿ ಹೋಗುತ್ತೆ’ ಎನ್ನುವವರು ಆಸಿಡ್ ತರುತ್ತಾರೆ ಎಂದೇ ಲೆಕ್ಕ.

ಸ್ಲಾಟಿನ ವಿಷಯಕ್ಕೆ ಬರೋಣ. ದೀಪಾವಳಿಗೆ ನಮ್ಮಲ್ಲಿ ಒಂದು ಗಡುವು ತಾನಾಗಿಯೇ ಇದೆ: ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬ. ಹಂಡೆಯೇ ಇರಲಿ, ಗೀಸರ್ ಕೆಳಗಿನ ಬಕೆಟ್ಟೇ ಇರಲಿ, ಅಷ್ಟರೊಳಗೆ ಬಚ್ಚಲು ಶುಚಿಯಾಗಿ, ಮರುದಿನ ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನಕ್ಕೆ ಅಣಿಯಾಗಿರಬೇಕು. ಹಾಗಾಗಿ ಎಲ್ಲರೂ ಅದಕ್ಕೆ ಹಿಂದಿನ ಶನಿವಾರ, ಭಾನುವಾರವನ್ನೇ ಕೇಳುತ್ತಾರೆ. ಆದರೆ ಅದೇ ಹೊತ್ತಿಗೆ ತಂಡದ ಹುಡುಗರೂ ಹಬ್ಬಕ್ಕೆ ಊರಿನ ಬಸ್ಸು ಹತ್ತುತ್ತಿರುತ್ತಾರೆ. ಬೇಡಿಕೆ ಏರುವಾಗ ಕೈಗಳು ಕಡಿಮೆ. ಆ ಜಾಗಕ್ಕೆ ದಿನಗೂಲಿಗೆ ಹೊಸಬರನ್ನು ಸೇರಿಸಿಕೊಳ್ಳುತ್ತಾರೆ, ತಪ್ಪುಗಳು ಹೆಚ್ಚುವುದು ಆಗಲೇ. ಸಾಧ್ಯವಿದ್ದರೆ ಹಬ್ಬಕ್ಕೆ ಎಂಟು ಹತ್ತು ದಿನ ಮೊದಲು, ಅದೂ ವಾರದ ನಡುವಿನ ದಿನ ಹಿಡಿಯಿರಿ. ಕೊನೆಯ ನಾಲ್ಕು ದಿನಕ್ಕೆ ದರ ಹೆಚ್ಚು ಎಂದು ಮೊದಲೇ ಬರೆದು, ಆ ಹೆಚ್ಚುವರಿ ಹಣ ಊರಿಗೆ ಹೋಗದೆ ಉಳಿದವರ ಕೂಲಿಗೆ ಸೇರುತ್ತದೆ ಎಂದು ಹೇಳುವವರನ್ನು ನಾನು ಮೆಚ್ಚುತ್ತೇನೆ.

ಬೆಳಗಿನ ಸ್ಲಾಟು ಮಧ್ಯಾಹ್ನದ್ದಕ್ಕಿಂತ ಮೇಲು. ದಿನಕ್ಕೆ ಎರಡು ಮನೆ ಒಪ್ಪಿಕೊಂಡ ತಂಡಕ್ಕೆ ಮೊದಲ ಮನೆಯಲ್ಲಿ ಒಂದು ಗಂಟೆ ತಡವಾದರೆ, ಮೇಲೆ ನಮ್ಮ ಟ್ರಾಫಿಕ್ಕು ಸೇರಿ, ಎರಡು ಗಂಟೆಯವರು ನಾಲ್ಕಕ್ಕೆ ಬರುತ್ತಾರೆ. ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯ ನಂತರ ಮೆಷಿನ್ ಸದ್ದಿಗೆ ಅವಕಾಶವಿಲ್ಲ, ಹೊರಗಿನ ಕೆಲಸಗಾರರು ಉಳಿಯುವಂತಿಲ್ಲ. ಕತ್ತಲಾದ ಮೇಲೆ ಕಿಟಕಿಯ ಕೊಳೆಯೂ ಕಾಣದು. ಸ್ಲಾಟ್ ಎಂದರೆ ‘ಮಧ್ಯಾಹ್ನ’ ಎಂದು ಬರೆದರೆ ಸಾಲದು. ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟು ಹೊತ್ತಿಗೆ ಮುಗಿಸುತ್ತೀರಿ, ಅದೇ ತಂಡಕ್ಕೆ ಅದಕ್ಕೂ ಮೊದಲು ಬೇರೆ ಮನೆ ಇದೆಯೇ ಎಂಬ ಮೂರೂ ಬೇಕು. ಸೋಫಾ, ಹಾಸಿಗೆ ತೊಳೆಸುವವರಿಗೆ ಇನ್ನೊಂದು ಮಾತು: ಫ್ಯಾನ್ ಹಾಕಿದರೂ ಅವು ಆರಲು ಆರೆಂಟು ಗಂಟೆ ಬೇಕು, ದೀಪಾವಳಿಯ ಮುಂಚಿನ ಹಿಂಗಾರು ಮಳೆಯಲ್ಲಿ ಒಂದು ದಿನವೇ ಹಿಡಿದೀತು. ಹಿಂದಿನ ಸಂಜೆ ತೊಳೆಸಿದರೆ ಹಬ್ಬಕ್ಕೆ ಬಂದ ನೆಂಟರು ಮುಗ್ಗಲು ವಾಸನೆಯ ಸೋಫಾ ಮೇಲೆ ಕೂರಬೇಕಾಗುತ್ತದೆ. ಚಿಮಣಿಯನ್ನು ಮಾತ್ರ ಕಜ್ಜಾಯ, ಚಕ್ಕುಲಿ ಕರಿಯುವುದಕ್ಕೆ ಮೊದಲೇ ತೊಳೆಸಿ. ಶುಚಿಯಾದ ಫಿಲ್ಟರ್ ಹೊಗೆಯನ್ನು ಚೆನ್ನಾಗಿ ಎಳೆಯುತ್ತದೆ, ಹೊಸ ಜಿಡ್ಡು ಗೋಡೆಗೆ ಹತ್ತುವುದು ಕಡಿಮೆಯಾಗುತ್ತದೆ.

ಇದೆಲ್ಲವನ್ನೂ ಒಳಗೊಂಡ ಒಂದು ಕರಪತ್ರ ಹೇಗಿರಬೇಕು? ಕ್ಲೀನಿಂಗ್ ತಂಡ ನಡೆಸುವವರು ಬೇಕಾದರೆ ತಮ್ಮ ಹೆಸರು, ತಮ್ಮ ದರ ಸೇರಿಸಿ ಹೀಗೆಯೇ ಅಚ್ಚು ಹಾಕಿಸಬಹುದು.

‘ದೀಪಾವಳಿಗೆ ಮುನ್ನ ಮನೆ ಡೀಪ್ ಕ್ಲೀನಿಂಗ್. ಜನ ವಾಸವಿರುವ ಎರಡು ಬೆಡ್‌ರೂಮಿನ ಮನೆ, ಕಾರ್ಪೆಟ್ ಏರಿಯಾ 900 ಚದರಡಿವರೆಗೆ: ನಾಲ್ಕು ಜನ, ಐದು ಗಂಟೆ, ₹4,500. ಜಿಎಸ್‌ಟಿ ₹810 ಸೇರಿ ₹5,310. ಹಬ್ಬದ ಕೊನೆಯ ನಾಲ್ಕು ದಿನ ₹600 ಹೆಚ್ಚು.

ಬೆಳಗಿನ ಸ್ಲಾಟ್: 8.30ರಿಂದ 9ರೊಳಗೆ ಬರುತ್ತೇವೆ, 2ಕ್ಕೆ ಮುಗಿಸುತ್ತೇವೆ. ಮಧ್ಯಾಹ್ನದ ಸ್ಲಾಟ್ ಸಣ್ಣ ಮನೆಗಳಿಗೆ ಮಾತ್ರ. ಒಂದು ಗಂಟೆಗಿಂತ ತಡವಾದರೆ ನೀವು ರದ್ದು ಮಾಡಬಹುದು, ಅಡ್ವಾನ್ಸ್ ಪೂರ್ತಿ ವಾಪಸ್.

ಸೇರಿರುವುದು: ಜೇಡರ ಬಲೆ, ಫ್ಯಾನ್, ದೀಪ, ಸ್ವಿಚ್‌ಬೋರ್ಡ್, ಬಾಗಿಲು, ಕಿಟಕಿ, ಸೊಳ್ಳೆ ಪರದೆ, ಚಾನೆಲ್, ವಾರ್ಡ್‌ರೋಬ್ ಮತ್ತು ಕ್ಯಾಬಿನೆಟ್ ಹೊರಮೈ, ಅಡುಗೆಮನೆಯ ಟೈಲ್ಸ್, ಚಿಮಣಿಯ ಹೊರಮೈ ಮತ್ತು ಫಿಲ್ಟರ್, ಎರಡು ಬಾತ್‌ರೂಮ್, ಬಾಲ್ಕನಿ, ಯುಟಿಲಿಟಿ, ಎಲ್ಲ ಕೋಣೆಗಳ ನೆಲ. ಬೇರೆ ದರ, ತೆರಿಗೆ ಸೇರಿ: ಫ್ರಿಜ್ ಒಳಗೆ ₹350, ನೀವು ಖಾಲಿ ಮಾಡಿಕೊಟ್ಟ ಕ್ಯಾಬಿನೆಟ್ ಒಳಗೆ ₹600, ಮೂರು ಸೀಟಿನ ಸೋಫಾ ₹700. ಸೇರಿಲ್ಲದ್ದು: ಚಿಮಣಿಯ ಮೋಟಾರ್ ಬಿಚ್ಚುವುದು, ಗೋಡೆ ತೊಳೆಯುವುದು, ಹೊರಬದಿಯ ಗಾಜು, ಜಿರಲೆ ಔಷಧಿ.

ಕಲ್ಲಿನ ನೆಲಕ್ಕೆ ಆಸಿಡ್ ಬಳಸುವುದಿಲ್ಲ. ಹೋಗದ ಕಲೆಗಳನ್ನು ಕೆಲಸಕ್ಕೆ ಮುಂಚೆ ತೋರಿಸುತ್ತೇವೆ. ನಮ್ಮ ಅಂದಾಜು ತಪ್ಪಿ ತಡವಾದರೆ ಹೆಚ್ಚಿನ ಹಣವಿಲ್ಲ. ಎರಡು ದಿನದೊಳಗೆ ಹೇಳಿದರೆ ಬಿಟ್ಟುಹೋದದ್ದನ್ನು ಬಂದು ಮಾಡಿಕೊಡುತ್ತೇವೆ.’

ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ಎಂದು ತಂಡ ನಡೆಸುವವರು ಕೇಳಬಹುದು. ಮನೆಯೊಡತಿಯರು ಓದುತ್ತಾರೆ. ಐದು ಸಾವಿರ ಖರ್ಚು ಮಾಡುವ ಮುಂಚೆ ಅವರು ಸೀರೆಯ ಅಂಚನ್ನು ನೋಡುವಷ್ಟೇ ಗಮನವಿಟ್ಟು ಇದನ್ನೂ ನೋಡುತ್ತಾರೆ. ಕರಪತ್ರದಲ್ಲಿ ಇಷ್ಟು ಇಲ್ಲದಿದ್ದರೂ ಫೋನಿನಲ್ಲಿ ಕೇಳಿ, ಉತ್ತರವನ್ನು ವಾಟ್ಸ್‌ಆಪಿನಲ್ಲಿ ಬರೆದು ಕಳಿಸಲು ಹೇಳಿ. ‘ಅಣ್ಣಾ, ಎಷ್ಟು ಜನ ಬರ್ತೀರಿ, ಎಷ್ಟು ಹೊತ್ತು ಇರ್ತೀರಿ?’ ಎಂದು ಶುರುಮಾಡಿದರೆ ಸಾಕು. ‘ಅದು ಮನೆ ನೋಡಿ ಹೇಳ್ತೀವಿ’ ಎಂದರೆ ತಪ್ಪಿಲ್ಲ, ವಿಡಿಯೋ ಕಾಲಿನಲ್ಲಿ ಮನೆ ತೋರಿಸಿ. ನೋಡಿದ ಮೇಲೂ ಹೇಳದಿದ್ದರೆ ಬೇರೆಯವರನ್ನು ಹುಡುಕಿ.

ಕೆಲಸದ ದಿನ ಕ್ರಮ ಸರಿಯಿದೆಯೇ ಎಂದು ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಬಲ್ಲವರು ಮೇಲಿನಿಂದ ಕೆಳಕ್ಕೆ ಬರುತ್ತಾರೆ, ಒಣ ಧೂಳು ತೆಗೆದ ಮೇಲೆ ನೀರು ಮುಟ್ಟುತ್ತಾರೆ. ಧೂಳಿನ ಮೇಲೆ ನೀರು ಬಿದ್ದರೆ ಕೆಸರಾಗುತ್ತದೆ. ಸ್ವಿಚ್‌ಬೋರ್ಡಿಗೆ ಸ್ಪ್ರೇ ಹೊಡೆಯುವುದನ್ನು ಕಂಡರೆ ಕೂಡಲೇ ತಡೆಯಿರಿ. ಆ ಕೋಣೆಯ ಎಂಸಿಬಿ ಆಫ್ ಮಾಡಿ, ಹಿಂಡಿದ ಬಟ್ಟೆಯಿಂದ ಒರೆಸಬೇಕು. ಬಾತ್‌ರೂಮಿನ ಬಟ್ಟೆ ಅಡುಗೆಮನೆಗೆ ಬಾರದಂತೆ ಬೇರೆ ಬಣ್ಣದ ಬಟ್ಟೆ ಇಟ್ಟುಕೊಳ್ಳುವ ತಂಡಗಳೂ ಇವೆ. ಅವರಿಗೆ ಕುಡಿಯಲು ನೀರು, ಬಳಸಲು ಟಾಯ್ಲೆಟ್ ಎಲ್ಲಿದೆ ಎಂದು ನೀವೇ ಮೊದಲು ತೋರಿಸಿ. ಐದು ಗಂಟೆ ದುಡಿಯುವ ಹೆಂಗಸರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ.

ಹಣ ಕೊಡುವ ಮೊದಲು ಹಗಲು ಬೆಳಕಿನಲ್ಲಿ ನಾಲ್ಕು ಜಾಗ ನೋಡಿ. ಬಾಗಿಲ ಚೌಕಟ್ಟಿನ ಮೇಲಂಚು, ಫ್ಯಾನ್ ರೆಕ್ಕೆಯ ಮೇಲ್ಬದಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಕಿಟಕಿಯ ಚಾನೆಲ್ಲಿನ ಮೂಲೆಯಲ್ಲಿ ಮಣ್ಣಿದೆಯೇ ನೋಡಿ. ಕಮೋಡಿನ ಸೀಟು ಎತ್ತಿ ಅದರ ಕೀಲಿನ ಸುತ್ತ ನೋಡಿ. ಚಿಮಣಿಯ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ, ಜಿಡ್ಡು ಹಳದಿಯಾಗಿ ಕಾಣುತ್ತದೆ. ಸಂಜೆ ಹೊತ್ತಿಗೆ ನೆಲ ಕಾಲಿಗೆ ಅಂಟಿದರೆ ಸಾಬೂನು ಉಳಿದಿದೆ ಎಂದರ್ಥ, ಅದಕ್ಕೆ ಅವರನ್ನು ಕರೆಯಬೇಕಿಲ್ಲ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿದರೆ ಹೋಗುತ್ತದೆ.

ಅಡ್ವಾನ್ಸ್ ಎಂದು ಪೂರ್ತಿ ಹಣ ಕೇಳಿದರೆ ಕೊಡಬೇಡಿ, ಕಾಲು ಭಾಗಕ್ಕಿಂತ ಹೆಚ್ಚು ಅಗತ್ಯವಿಲ್ಲ. ಕರಪತ್ರದಲ್ಲಿ ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳೆಯಾಗದೆ, ಅವರು ಫೋನೂ ಎತ್ತದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ಹೇಳುವ ಜಾಹೀರಾತಷ್ಟೇ ಅಲ್ಲ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತೇ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ. ಅದಕ್ಕೆ ಬೇಕಾಗುವ ದಾಖಲೆ ಮೂರೇ: ಆ ಕರಪತ್ರ, ಬಿಲ್ಲು, ವಾಟ್ಸ್‌ಆಪಿನಲ್ಲಿ ಅವರು ಬರೆದುಕೊಟ್ಟ ಉತ್ತರ. ಹಬ್ಬದ ಕಸದ ಜತೆ ಕರಪತ್ರವನ್ನು ಎಸೆಯದೆ ಎತ್ತಿಡಿ.